ದುಬೈ ಕಂಪನಿಯ ಕೆಲಸ, ಕುಂಬಳೆಯ ಮನೆ: ತೆರಿಗೆ ಎಲ್ಲಿ, ಎಷ್ಟು, ಯಾವಾಗ ಕಟ್ಟುವುದು?

ಕಳೆದ ವರ್ಷ ಜೂನ್ ಮೊದಲ ವಾರದಲ್ಲಿ ನನ್ನ ಸೋದರತ್ತೆಯ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಹದಿಮೂರು ವರ್ಷ ದುಬೈಯಲ್ಲಿದ್ದವನು ಏಪ್ರಿಲ್ 30ರ ರಾತ್ರಿ ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿದು ಕುಂಬಳೆಗೆ ಬಂದಿದ್ದ. ಕೆಲಸ ಬಿಟ್ಟು ಬಂದದ್ದಲ್ಲ. ಅದೇ ಕಂಪನಿ, ಅದೇ ಕೆಲಸ. ಇನ್ನು ಮುಂದೆ ಮನೆಯಿಂದಲೇ. ಸಂಬಳ ಸ್ವಲ್ಪ ಇಳಿಸಿ ತಿಂಗಳಿಗೆ 8,000 ದಿರ್ಹಮ್ ಎಂದು ಹೊಸ ಪತ್ರ ಕೊಟ್ಟಿದ್ದರು.

ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಚಹಾ ಕುಡಿಯುತ್ತಾ ಅವನು ಕೇಳಿದ: "ಭಾವ, ದುಬೈ ದುಡ್ಡಿಗೆ ಇಲ್ಲಿ ಟ್ಯಾಕ್ಸ್ ಇಲ್ಲ ಅಲ್ವಾ?"

ಈ ಪ್ರಶ್ನೆ ನನಗೆ ಹೊಸತಲ್ಲ. ಕಾಸರಗೋಡಿನಲ್ಲಿ ಕೂತು ಜನರ ತೆರಿಗೆ ಲೆಕ್ಕ ಬರೆಯುವವನು ನಾನು. ನಮ್ಮೂರಲ್ಲಿ ಎರಡು ತಲೆಮಾರಿನಿಂದ ಗಲ್ಫ್ ಹಣ ಬರುತ್ತಿದೆ, ಅದಕ್ಕೆ ಯಾರೂ ತೆರಿಗೆ ಕಟ್ಟಿದ್ದು ನೋಡಿಲ್ಲ. ಆ ನಂಬಿಕೆ ಇಷ್ಟು ವರ್ಷ ಸರಿಯಾಗಿಯೇ ಇತ್ತು. ಆದರೆ ಭಾವ ವಿಮಾನ ಇಳಿದ ಮರುದಿನದಿಂದ ಅದು ಅವನ ಪಾಲಿಗೆ ತಪ್ಪಾಯಿತು. ಯಾಕೆ ತಪ್ಪಾಯಿತು, ಆಮೇಲೆ ನಾವು ಏನೇನು ಮಾಡಿದೆವು ಎಂದು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ಇಲ್ಲಿರುವ ಲೆಕ್ಕವೆಲ್ಲ 2025-26ರ ಆದಾಯದ್ದು, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿದೆ. ಅದರಲ್ಲಿ ಕಲಮುಗಳ ಮತ್ತು ಫಾರ್ಮುಗಳ ಸಂಖ್ಯೆ ಬೇರೆ. ಹಾಗಾಗಿ ನಾನು ಕಲಮುಗಳ ಸಂಖ್ಯೆ ಹೇಳಲು ಹೋಗುವುದಿಲ್ಲ.

ಹೆಜ್ಜೆ 1: ಹಣ ಎಲ್ಲಿಂದ ಬಂತು ಎಂದಲ್ಲ, ಕೆಲಸ ಎಲ್ಲಿ ಕೂತು ಮಾಡಿದಿರಿ ಎಂದು ನೋಡಿ

ಸಂಬಳದ ವಿಷಯದಲ್ಲಿ ಕಾಯ್ದೆ ಕೇಳುವ ಮೊದಲ ಪ್ರಶ್ನೆ ಇದು. ಭಾರತದಲ್ಲಿ ಕೂತು ಮಾಡಿದ ಕೆಲಸದ ಸಂಬಳ ಭಾರತದಲ್ಲೇ ಹುಟ್ಟಿದ ಆದಾಯ. ಕಂಪನಿ ದುಬೈಯದ್ದಾಗಿರಲಿ, ಜರ್ಮನಿಯದ್ದಾಗಿರಲಿ, ಸಂಬಳ ದಿರ್ಹಮ್‌ನಲ್ಲಿ ಬರಲಿ, ಯೂರೋದಲ್ಲಿ ಬರಲಿ. ಹಣವನ್ನು ಊರಿಗೆ ತರದೆ ದುಬೈ ಬ್ಯಾಂಕಿನಲ್ಲೇ ಇಟ್ಟರೂ ಅಷ್ಟೇ.

ಭಾವ ದುಬೈಯಲ್ಲಿದ್ದಾಗ ಕೆಲಸವೂ ಅಲ್ಲೇ, ವಾಸವೂ ಅಲ್ಲೇ. ಆ ಸಂಬಳದ ಮೇಲೆ ಇಲ್ಲಿನ ಸರ್ಕಾರಕ್ಕೆ ಹಕ್ಕಿರಲಿಲ್ಲ. ಅತ್ತೆಗೆ ಕಳಿಸುತ್ತಿದ್ದ ಹಣ ಮಗ ತಾಯಿಗೆ ಕೊಟ್ಟದ್ದು, ಅದಕ್ಕೂ ತೆರಿಗೆ ಇಲ್ಲ. ಈಗ ಕಂಪ್ಯೂಟರ್ ಇರುವುದು ಕುಂಬಳೆಯ ಮನೆಯ ಮಾಳಿಗೆಯಲ್ಲಿ.

ಭಾರತ ಮತ್ತು ಯುಎಇ ನಡುವೆ ಎರಡು ಕಡೆ ತೆರಿಗೆ ಬೀಳದ ಹಾಗೆ ಒಂದು ಒಪ್ಪಂದ ಇದೆ. 1993ರಿಂದ ಜಾರಿಯಲ್ಲಿದೆ. ಅದರ 15ನೇ ವಿಧಿಯೂ ಇದನ್ನೇ ಹೇಳುತ್ತದೆ: ಇಲ್ಲಿನ ನಿವಾಸಿ ಇಲ್ಲೇ ಕೂತು ಕೆಲಸ ಮಾಡಿದರೆ ಸಂಬಳದ ತೆರಿಗೆ ಇಲ್ಲಿಗೇ. ಬೇರೆ ದೇಶಗಳ ಜೊತೆಗಿನ ಒಪ್ಪಂದಗಳಲ್ಲೂ ಸಂಬಳದ ವಿಧಿಯ ತಿರುಳು ಇದೇ.

"ನನ್ನ ದುಬೈ ವೀಸಾ ಇನ್ನೂ ಇದೆಯಲ್ಲ" ಎಂದು ಭಾವ ಹೇಳಿದ. ವೀಸಾ ಇರುವುದು, ಎಮಿರೇಟ್ಸ್ ಐಡಿ ಇರುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 2: ದಿನ ಎಣಿಸಿ, ನಿಮ್ಮ ಸ್ಥಾನ ಗೊತ್ತು ಮಾಡಿಕೊಳ್ಳಿ

ಪಾಸ್‌ಪೋರ್ಟ್ ತೆಗೆದು ಮುಂದೆ ಇಟ್ಟುಕೊಳ್ಳಿ. ಏಪ್ರಿಲ್ 1ರಿಂದ ಮಾರ್ಚ್ 31ರ ವರೆಗೆ ಭಾರತದಲ್ಲಿ 182 ದಿನ ಅಥವಾ ಜಾಸ್ತಿ ಇದ್ದರೆ ಆ ವರ್ಷಕ್ಕೆ ನೀವು ನಿವಾಸಿ. ಭಾವ ಏಪ್ರಿಲ್ 30ಕ್ಕೆ ಬಂದವನು ಮತ್ತೆ ಹೋಗಿಲ್ಲ. 330 ದಿನ ದಾಟುತ್ತದೆ. ಅನುಮಾನಕ್ಕೆ ಜಾಗವಿಲ್ಲ.

ಆದರೆ ನಿವಾಸಿಗಳಲ್ಲೇ ಎರಡು ಬಗೆ ಇದೆ: ಸಾಮಾನ್ಯ ನಿವಾಸಿ ಮತ್ತು ಸಾಮಾನ್ಯವಲ್ಲದ ನಿವಾಸಿ. ಎರಡನೆಯದಕ್ಕೆ ಎಲ್ಲರೂ ಆರ್‌ಎನ್‌ಒಆರ್ ಎನ್ನುತ್ತಾರೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ನೀವು ಅನಿವಾಸಿ ಆಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಜಾಸ್ತಿ ಊರಲ್ಲಿ ಇರದಿದ್ದರೆ ನೀವು ಆರ್‌ಎನ್‌ಒಆರ್. ಭಾವ 2012ರಲ್ಲಿ ಹೋದವನು. ವರ್ಷಕ್ಕೆ ಒಂದು ತಿಂಗಳು ರಜೆಗೆ ಬರುತ್ತಿದ್ದ, ಅಷ್ಟೇ. ಹಾಗಾಗಿ 2025-26ಕ್ಕೆ ಅವನು ಆರ್‌ಎನ್‌ಒಆರ್. 2026-27ಕ್ಕೂ ಹಾಗೆಯೇ.

ಜನ ಎಡವುವುದು ಹೆಚ್ಚಾಗಿ ಇಲ್ಲಿ. "ಆರ್‌ಎನ್‌ಒಆರ್ ಆದವರಿಗೆ ವಿದೇಶದ ಆದಾಯಕ್ಕೆ ತೆರಿಗೆ ಇಲ್ಲ" ಎಂದು ಎಲ್ಲೋ ಓದುತ್ತಾರೆ. ಆ ಮಾತು ನಿಜ. ಅದನ್ನು ಓದಿ ದುಬೈ ಸಂಬಳವೂ ವಿದೇಶದ ಆದಾಯ ಎಂದುಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಹೆಜ್ಜೆ 1 ಮತ್ತೆ ಓದಿ. ಕುಂಬಳೆಯಲ್ಲಿ ಮಾಡಿದ ಕೆಲಸದ ಸಂಬಳ ವಿದೇಶದ ಆದಾಯವೇ ಅಲ್ಲ. ಆರ್‌ಎನ್‌ಒಆರ್ ಆದರೂ ಪೂರ್ತಿ ತೆರಿಗೆ ಬೀಳುತ್ತದೆ.

ಹಾಗಾದರೆ ಆ ಸ್ಥಾನದಿಂದ ಏನು ಉಪಯೋಗ? ಭಾವನಿಗೆ ಎರಡು ಉಪಯೋಗ ಆಯಿತು. ಒಂದು, ದುಬೈ ಬ್ಯಾಂಕಿನಲ್ಲಿ ಅವನು ಇಟ್ಟ ಹಳೆ ಠೇವಣಿಯ ಬಡ್ಡಿಗೆ ಸದ್ಯ ಇಲ್ಲಿ ತೆರಿಗೆ ಇಲ್ಲ. ಇನ್ನೊಂದು, ಏಪ್ರಿಲ್ ತಿಂಗಳ ಸಂಬಳ. ಆ ತಿಂಗಳ ಕೆಲಸ ದುಬೈಯಲ್ಲೇ ಆಗಿತ್ತು, ಸಂಬಳ ಅಲ್ಲಿನ ಬ್ಯಾಂಕ್ ಖಾತೆಗೇ ಬಿದ್ದಿತ್ತು. ಅದು ನಿಜವಾಗಿ ವಿದೇಶದ ಆದಾಯ. ಅದನ್ನು ಲೆಕ್ಕದಿಂದ ಬಿಟ್ಟೆವು. ಒಂದು ಎಚ್ಚರಿಕೆ ಹೇಳಬೇಕು: ಕಂಪನಿ ಆ ಏಪ್ರಿಲ್ ಸಂಬಳವನ್ನು ನೇರವಾಗಿ ಕುಂಬಳೆಯ ಬ್ಯಾಂಕ್ ಖಾತೆಗೆ ಹಾಕಿದ್ದರೆ ಅದಕ್ಕೂ ತೆರಿಗೆ ಬೀಳುತ್ತಿತ್ತು. ಭಾರತದಲ್ಲಿ ಮೊದಲ ಬಾರಿ ಕೈಗೆ ಬಂದ ಆದಾಯ ಯಾರದ್ದಾದರೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಮೊದಲು ಅಲ್ಲಿನ ಖಾತೆಗೆ ಬಿದ್ದು, ಆಮೇಲೆ ನೀವು ಕಳಿಸಿಕೊಂಡರೆ ಆ ತೊಂದರೆ ಇಲ್ಲ.

ಹೆಜ್ಜೆ 3: ಬ್ಯಾಂಕ್ ಖಾತೆ ಸರಿ ಮಾಡಿ

ಭಾವನ ಸಂಬಳ ಎಲ್ಲಿಗೆ ಬರುತ್ತದೆ ಎಂದು ಕೇಳಿದೆ. "ಎನ್‌ಆರ್‌ಇ ಖಾತೆಗೆ" ಎಂದ. ಅದನ್ನು ಮೊದಲು ನಿಲ್ಲಿಸಿದೆ.

ಎನ್‌ಆರ್‌ಇ ಖಾತೆ ಹೊರದೇಶದಲ್ಲಿ ವಾಸ ಇರುವವರಿಗೆ. ವಿದೇಶಿ ವಿನಿಮಯದ ಕಾಯ್ದೆ, ಅಂದರೆ ಫೆಮಾ, 182 ದಿನ ಕಾಯುವುದಿಲ್ಲ. ಇಲ್ಲಿ ನೆಲೆಸಲು ಎಂದು ಬಂದ ದಿನದಿಂದಲೇ ನೀವು ಅದರ ಕಣ್ಣಿಗೆ ನಿವಾಸಿ. ಬ್ಯಾಂಕಿಗೆ ಹೋಗಿ, ಊರಿಗೆ ಮರಳಿದ್ದೇನೆ ಎಂದು ಬರೆದು ಕೊಟ್ಟು, ಎನ್‌ಆರ್‌ಇ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಾಯಿಸಬೇಕು. ಅದರಲ್ಲಿದ್ದ ಹಣವನ್ನು ವಿದೇಶಿ ಕರೆನ್ಸಿಯಲ್ಲಿ ಇಟ್ಟುಕೊಳ್ಳಬೇಕು ಎಂದಿದ್ದರೆ ಆರ್‌ಎಫ್‌ಸಿ ಖಾತೆ ತೆರೆಯಬಹುದು. ಎನ್‌ಆರ್‌ಇ ಎಫ್‌ಡಿಯನ್ನು ಮುರಿಯಬೇಕಾಗಿಲ್ಲ, ಅವಧಿ ಮುಗಿಯುವ ವರೆಗೆ ಅದೇ ಬಡ್ಡಿ ದರ ಸಿಗುತ್ತದೆ. ಆದರೆ ಊರಿಗೆ ಬಂದ ದಿನದ ನಂತರದ ಬಡ್ಡಿಗೆ ತೆರಿಗೆ ಇದೆ. ಬ್ಯಾಂಕಿಗೆ ತಿಳಿಸದೆ ಸುಮ್ನೆ ಇದ್ದರೆ ಅವರು ಅದನ್ನು ತೆರಿಗೆ ಇಲ್ಲದ ಬಡ್ಡಿ ಎಂದೇ ತೋರಿಸುತ್ತಾ ಹೋಗುತ್ತಾರೆ. ತಪ್ಪು ಮಾತ್ರ ನಿಮ್ಮ ತಲೆಗೆ.

ಇನ್ನು ಹಣ ಯಾವ ಹೆಸರಿನಲ್ಲಿ ಬರುತ್ತದೆ ಎಂಬುದು. ಹೊರಗಿಂದ ಬರುವ ಪ್ರತಿ ಹಣಕ್ಕೂ ರಿಸರ್ವ್ ಬ್ಯಾಂಕಿನ ಒಂದು ಉದ್ದೇಶದ ಕೋಡ್ ಇರುತ್ತದೆ. ಸಂಬಳಕ್ಕೆ `P1401`. ನಮ್ಮ ಕಡೆ ಗಲ್ಫ್ ಹಣ ಎಂದರೆ ಮನೆ ಖರ್ಚಿಗೆ ಕಳಿಸಿದ್ದು ಎಂದೇ ರೂಢಿ. ಅದರ ಕೋಡ್ `P1301`. ಎಕ್ಸ್‌ಚೇಂಜ್ ಅಂಗಡಿ ಮೂಲಕ ಕಳಿಸಿದರೆ ಹೆಚ್ಚಾಗಿ ಇದೇ ಬೀಳುತ್ತದೆ. ಭಾವನ ಮೇ ತಿಂಗಳ ಸಂಬಳಕ್ಕೂ ಹಾಗೇ ಆಗಿತ್ತು. ಕುಟುಂಬ ನಿರ್ವಹಣೆ ಎಂದು ಬರೆದ ಹಣವನ್ನು ನೀವು ಸಂಬಳ ಎಂದು ತೋರಿಸಿದರೆ ದಾಖಲೆಗಳು ಒಂದಕ್ಕೊಂದು ಹೊಂದುವುದಿಲ್ಲ. ನಾವು ಕಂಪನಿಗೆ ಬರೆದು, ಬ್ಯಾಂಕಿನಿಂದ ಬ್ಯಾಂಕಿಗೆ ನೇರವಾಗಿ, ಸಂಬಳ ಎಂದು ನಮೂದಿಸಿ ಕಳಿಸಲು ಹೇಳಿದೆವು. ಇಲ್ಲಿನ ಶಾಖೆಗೂ ಹೊಸ ನೇಮಕಾತಿ ಪತ್ರದ ಪ್ರತಿ ಕೊಟ್ಟೆವು. ಪ್ರತಿ ತಿಂಗಳೂ ಹಣ ಬಂದಾಗ ಬ್ಯಾಂಕಿನಿಂದ ಸಿಗುವ ವಿದೇಶಿ ಹಣ ಪಾವತಿ ಚೀಟಿಯನ್ನು ತೆಗೆದಿಡಿ. ಹುಂಡಿ ಮೂಲಕ ಸಂಬಳ ತರಿಸಬೇಡಿ. ಅದು ಕಾನೂನು ಬಾಹಿರ, ಸಂಬಳ ಎಂದು ತೋರಿಸಲು ಒಂದು ಕಾಗದವೂ ಕೈಯಲ್ಲಿ ಉಳಿಯುವುದಿಲ್ಲ.

ಹೆಜ್ಜೆ 4: ದಿರ್ಹಮನ್ನು ರೂಪಾಯಿಗೆ ಬದಲಾಯಿಸಿ

ಖಾತೆಗೆ ಬಿದ್ದ ರೂಪಾಯಿಯನ್ನೇ ಕೂಡಿಸಿದರೆ ಆಯಿತಲ್ಲ ಎಂದು ಅನಿಸುತ್ತದೆ. ಹಾಗಲ್ಲ. ಸಂಬಳಕ್ಕೆ ಒಂದು ನಿಯಮ ಇದೆ: ಸಂಬಳ ಸಲ್ಲಬೇಕಾದ ತಿಂಗಳಿಗಿಂತ ಹಿಂದಿನ ತಿಂಗಳ ಕೊನೆಯ ದಿನ ಸ್ಟೇಟ್ ಬ್ಯಾಂಕಿನ ಟಿಟಿ ಖರೀದಿ ದರ, ಅಂದರೆ ಹೊರಗಿಂದ ಬಂದ ವಿದೇಶಿ ಹಣವನ್ನು ಬ್ಯಾಂಕ್ ಕೊಳ್ಳುವ ದರ, ಎಷ್ಟಿತ್ತೋ ಆ ದರದಲ್ಲಿ ಲೆಕ್ಕ ಹಾಕಬೇಕು. ಮೇ 31ಕ್ಕೆ ಸಲ್ಲುವ ಸಂಬಳಕ್ಕೆ ಏಪ್ರಿಲ್ 30ರ ದರ. ಜೂನ್ ಸಂಬಳಕ್ಕೆ ಮೇ 31ರ ದರ.

ಉದಾಹರಣೆಗೆ, ಆ ದಿನದ ದರ 22.90 ಎಂದಿಟ್ಟುಕೊಳ್ಳಿ. 8,000 ದಿರ್ಹಮ್‌ಗೆ 1,83,200 ರೂಪಾಯಿ. ನಿಮ್ಮ ಖಾತೆಗೆ ಬ್ಯಾಂಕಿನ ಖರ್ಚು ಕಳೆದು 1,82,400 ಬಿದ್ದಿರಬಹುದು. ತೆರಿಗೆಗೆ ಹಿಡಿಯುವುದು 1,83,200. ಆ ಖರ್ಚನ್ನು ಸಂಬಳದಿಂದ ಕಳೆಯಲು ಅವಕಾಶ ಇಲ್ಲ.

ಸ್ಟೇಟ್ ಬ್ಯಾಂಕ್ ತನ್ನ ಜಾಲತಾಣದಲ್ಲಿ ದಿನದ ದರಪಟ್ಟಿ ಹಾಕುತ್ತದೆ, `FOREX CARD RATES` ಎಂದು. ಅದರಲ್ಲಿ ದಿರ್ಹಮ್ ಸಾಲಿನಲ್ಲಿ `TT BUY` ಎಂಬ ಅಂಕಣ ನೋಡಿ. ಹೊಸ ಪಟ್ಟಿ ಬಂದಾಗ ಹಳೆಯದು ಅಲ್ಲಿಂದ ಹೋಗುತ್ತದೆ. ಆಮೇಲೆ ಹುಡುಕುವುದು ದೊಡ್ಡ ತಲೆನೋವು. ಹಾಗಾಗಿ ತಿಂಗಳ ಕೊನೆಯ ದಿನ ಇಳಿಸಿಟ್ಟುಕೊಳ್ಳಲು ಫೋನಿನಲ್ಲಿ ನೆನಪು ಹಾಕಿಕೊಳ್ಳಿ. ಕೊನೆಯ ದಿನ ರಜೆ ಬಂದರೆ ಅದರ ಹಿಂದಿನ ಕೆಲಸದ ದಿನದ ದರವನ್ನು ಹಿಡಿಯುವುದು ರೂಢಿ. 2025ರ ಆಗಸ್ಟ್ 31 ಭಾನುವಾರ ಬಂದಿತ್ತು, ನಾವು 30ರ ಪಟ್ಟಿ ಹಿಡಿದೆವು.

ಒಂದು ಸಾದಾ ಎಕ್ಸೆಲ್ ಹಾಳೆ ಸಾಕು. ತಿಂಗಳು, ದಿರ್ಹಮ್, ದರದ ದಿನಾಂಕ, ದರ, ರೂಪಾಯಿ.

ಹೆಜ್ಜೆ 5: ವರ್ಷದ ತೆರಿಗೆ ಲೆಕ್ಕ ಹಾಕಿ

ಓದಲು ಸುಲಭವಾಗಲಿ ಎಂದು ಇಡೀ ವರ್ಷಕ್ಕೆ ದರ 23 ರೂಪಾಯಿ ಎಂದಿಟ್ಟುಕೊಳ್ಳೋಣ. ಮೇಯಿಂದ ಮಾರ್ಚ್‌ವರೆಗೆ 11 ತಿಂಗಳು, ಒಟ್ಟು 88,000 ದಿರ್ಹಮ್. ರೂಪಾಯಿಯಲ್ಲಿ 20,24,000.

ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ರೂಪಾಯಿ ನೇರ ಕಡಿತ ಇದೆ. ವಿದೇಶಿ ಕಂಪನಿಯ ಸಂಬಳಕ್ಕೂ ಅದು ಸಿಗುತ್ತದೆ. ಉಳಿದದ್ದು 19,49,000.

ಇದರಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ 5, ಅಂದರೆ 20,000. ಅದರ ಮುಂದಿನ 4 ಲಕ್ಷಕ್ಕೆ ಶೇ 10, ಅಂದರೆ 40,000. ಮತ್ತೆ 4 ಲಕ್ಷಕ್ಕೆ ಶೇ 15, ಅಂದರೆ 60,000. ಉಳಿದ 3,49,000ಕ್ಕೆ ಶೇ 20, ಅಂದರೆ 69,800. ಒಟ್ಟು 1,89,800. ಇದರ ಮೇಲೆ ಶೇ 4 ಸೆಸ್ 7,592. ಕಟ್ಟಬೇಕಾದದ್ದು 1,97,392 ರೂಪಾಯಿ.

ಹಳೆ ಪದ್ಧತಿ ಚೆನ್ನಾಗಿತ್ತು ಎನ್ನುವವರಿಗಾಗಿ ಅದನ್ನೂ ಹಾಕಿ ನೋಡಿದೆ. 50,000 ನೇರ ಕಡಿತ, ಉಳಿತಾಯಕ್ಕೆ ಒಂದೂವರೆ ಲಕ್ಷ, ಆರೋಗ್ಯ ವಿಮೆಗೆ 25,000, ಮನೆ ಸಾಲದ ಬಡ್ಡಿ 2 ಲಕ್ಷ, ಇಷ್ಟೆಲ್ಲ ಕಳೆದರೂ ಸೆಸ್ ಬಿಟ್ಟು 2,92,200 ಬರುತ್ತದೆ. ಈ ಮಟ್ಟದ ಸಂಬಳಕ್ಕೆ ಹೊಸ ಪದ್ಧತಿಯೇ ಲಾಭ.

ಸಂಬಳ ಕಡಿಮೆ ಇದ್ದರೆ ಚಿತ್ರ ಬೇರೆ. ಬೇರೆ ಆದಾಯ ಇಲ್ಲದೆ ವರ್ಷದ ಸಂಬಳ 12,75,000 ಮೀರದಿದ್ದರೆ ರಿಯಾಯಿತಿಯಿಂದ ತೆರಿಗೆ ಸೊನ್ನೆ ಆಗುತ್ತದೆ. ಆರ್‌ಎನ್‌ಒಆರ್‌ಗೂ ಇದು ಸಿಗುತ್ತದೆ. ಆದರೂ ರಿಟರ್ನ್ ಸಲ್ಲಿಸಬೇಕು.

ಇನ್ನು ನಮ್ಮ ಕಡೆಯ ಮನೆಗಳಲ್ಲಿ ತಪ್ಪದೆ ಬರುವ ಒಂದು ವಿಷಯ: ಅಡಿಕೆ ತೋಟ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಸರಿ. ಆದರೆ ಖರ್ಚು ಕಳೆದ ಕೃಷಿ ಆದಾಯ 5,000 ಮೀರಿದರೆ, ಬೇರೆ ಆದಾಯ 4 ಲಕ್ಷಕ್ಕಿಂತ ಜಾಸ್ತಿ ಇದ್ದರೆ, ತೆರಿಗೆಯ ದರ ನೋಡಲು ಅದನ್ನು ಸೇರಿಸಬೇಕು. ತೋಟ ನಿಮ್ಮ ಹೆಸರಲ್ಲಿದೆ, ಅಡಿಕೆಯಿಂದ ಖರ್ಚು ಕಳೆದು ಒಂದೂವರೆ ಲಕ್ಷ ಉಳಿದಿದೆ ಎಂದಿಟ್ಟುಕೊಳ್ಳಿ. 19,49,000ಕ್ಕೆ ಅದನ್ನು ಸೇರಿಸಿದರೆ 20,99,000. ಅದರ ಮೇಲಿನ ತೆರಿಗೆ 2,24,750. ಆಮೇಲೆ 4 ಲಕ್ಷಕ್ಕೆ ಒಂದೂವರೆ ಲಕ್ಷ ಸೇರಿಸಿ, 5,50,000ದ ಮೇಲಿನ ತೆರಿಗೆ 7,500 ಕಳೆಯಬೇಕು. ಉಳಿದದ್ದು 2,17,250. ತೋಟ ಇಲ್ಲದಿದ್ದರೆ 1,89,800 ಇತ್ತು. ಸೆಸ್ ಸೇರಿಸಿ ಸುಮಾರು 28,500 ರೂಪಾಯಿ ಜಾಸ್ತಿ. ಭಾವನ ತೋಟ ಇನ್ನೂ ಮಾವನ ಹೆಸರಲ್ಲೇ ಇದೆ, ಆದಾಯವೂ ಅವರದ್ದೇ. ಹಾಗಾಗಿ ಅವನಿಗೆ ಇದು ಬರಲಿಲ್ಲ.

ಹೆಜ್ಜೆ 6: ಮುಂಗಡ ತೆರಿಗೆಯನ್ನು ನೀವೇ ಕಟ್ಟಿ

ಬೆಂಗಳೂರಿನ ಕಂಪನಿಯಾಗಿದ್ದರೆ ಪ್ರತಿ ತಿಂಗಳೂ ಟಿಡಿಎಸ್ ಹಿಡಿದು, ವರ್ಷದ ಕೊನೆಗೆ ಫಾರ್ಮ್ 16 ಕೊಡುತ್ತಿದ್ದರು. ದುಬೈಯ ಕಂಪನಿಗೆ ಇಲ್ಲಿ ಕಚೇರಿ ಇಲ್ಲ, ತೆರಿಗೆ ಹಿಡಿಯಲು ಬೇಕಾದ ಟ್ಯಾನ್ ಸಂಖ್ಯೆಯೂ ಇಲ್ಲ. ಕಾಯ್ದೆಯ ಪ್ರಕಾರ ಇಲ್ಲಿ ತೆರಿಗೆ ಬೀಳುವ ಸಂಬಳ ಕೊಡುವ ವಿದೇಶಿ ಕಂಪನಿಯೂ ತೆರಿಗೆ ಹಿಡಿಯಬೇಕು. ಆದರೆ ಇಂಥ ಕಂಪನಿಗಳು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಹಿಡಿಯದಿದ್ದರೆ ಕಟ್ಟುವ ಹೊಣೆ ನೌಕರನದ್ದೇ. "ಅವರು ಹಿಡಿಯಲಿಲ್ಲ, ನನಗೇನು ಗೊತ್ತು" ಎಂಬ ಮಾತು ನಡೆಯುವುದಿಲ್ಲ.

ವರ್ಷದ ತೆರಿಗೆ 10,000 ರೂಪಾಯಿ ಅಥವಾ ಜಾಸ್ತಿ ಆಗುವುದಾದರೆ ನಾಲ್ಕು ಕಂತಿನಲ್ಲಿ ಮುಂಗಡವಾಗಿ ಕಟ್ಟಬೇಕು. ಜೂನ್ 15ರ ಒಳಗೆ ಶೇ 15, ಸೆಪ್ಟೆಂಬರ್ 15ರ ಒಳಗೆ ಒಟ್ಟು ಶೇ 45, ಡಿಸೆಂಬರ್ 15ರ ಒಳಗೆ ಒಟ್ಟು ಶೇ 75, ಮಾರ್ಚ್ 15ರ ಒಳಗೆ ಪೂರ್ತಿ. ಭಾವನ ಲೆಕ್ಕದಲ್ಲಿ ಸುಮಾರಾಗಿ 29,600, ಆಮೇಲೆ 59,200, ಮತ್ತೆ 59,200, ಕೊನೆಗೆ 49,400.

ಜೂನ್ 15ಕ್ಕೆ ಅವನ ಕೈಗೆ ಬಂದದ್ದು ಒಂದೇ ಸಂಬಳ. ಆದರೂ ಕಂತನ್ನು ಇಡೀ ವರ್ಷದ ಅಂದಾಜಿನ ಮೇಲೆ ಕಟ್ಟಬೇಕು. ನಾನು ಅವನಿಗೆ ಒಂದು ಸುಲಭ ಉಪಾಯ ಹೇಳಿದೆ. ಸಂಬಳ ಬಂದ ದಿನವೇ 18,000 ರೂಪಾಯಿಯನ್ನು ಬೇರೆ ಖಾತೆಗೆ ಹಾಕಿಬಿಡು. 11 ತಿಂಗಳಿಗೆ 1,98,000 ಆಗುತ್ತದೆ, ತೆರಿಗೆಗೆ ಸರಿಯಾಗುತ್ತದೆ. ಜೂನ್ ಕಂತಿಗೆ ಮಾತ್ರ ಹಳೆ ಉಳಿತಾಯದಿಂದ ಸ್ವಲ್ಪ ಸೇರಿಸಬೇಕಾಯಿತು. ಸೆಪ್ಟೆಂಬರ್, ಡಿಸೆಂಬರ್ ಕಂತಿಗೂ ಕೊಂಚ ಕಡಿಮೆ ಬೀಳುತ್ತದೆ, ಕೊನೆಗೆ ಸಮ ಆಗುತ್ತದೆ.

ಕಟ್ಟುವುದು `incometax.gov.in` ತಾಣದಲ್ಲಿ. `e-Pay Tax` ಒತ್ತಿ, ಹೊಸ ಪಾವತಿಯಲ್ಲಿ `Income Tax` ಆರಿಸಿ. 2025-26ರ ಆದಾಯಕ್ಕೆ ಕಟ್ಟುವಾಗ ಆರಿಸಬೇಕಾದ ವರ್ಷ `2026-27`, ಬಗೆ `Advance Tax (100)`. ಅಸೆಸ್‌ಮೆಂಟ್ ವರ್ಷ ಎಂದರೆ ಆದಾಯದ ವರ್ಷದ ಮುಂದಿನ ವರ್ಷ. ಇಲ್ಲಿ ತುಂಬಾ ಜನ `2025-26` ಒತ್ತಿಬಿಡುತ್ತಾರೆ. ಆಗ ಹಣ ಹೋಗಿರುತ್ತದೆ, ಆದರೆ ರಿಟರ್ನಿನಲ್ಲಿ ಹೊಂದುವುದಿಲ್ಲ. ತಪ್ಪಿದರೆ ಅದೇ ತಾಣದಲ್ಲಿ ಚಲನ್ ತಿದ್ದುವ ಸೌಲಭ್ಯ ಇದೆ, ಆದರೆ ವರ್ಷ ತಿದ್ದಲು ಸಿಗುವುದು ಕೆಲವೇ ದಿನ. ಕಟ್ಟಿದ ಕೂಡಲೇ ಚಲನ್ ತೆರೆದು ವರ್ಷ ನೋಡಿ.

ಕಟ್ಟದೆ ಬಿಟ್ಟರೆ ಏನಾಗುತ್ತದೆ? ಭಾವನಷ್ಟೇ ಸಂಬಳ ಇರುವವರು ಏನನ್ನೂ ಕಟ್ಟದೆ, ರಿಟರ್ನ್ ಹಾಕುವ ಜುಲೈಯಲ್ಲಿ ಒಟ್ಟಿಗೆ ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ತಪ್ಪಿದ ಕಂತುಗಳಿಗೆ ತಿಂಗಳಿಗೆ ಶೇ 1ರಂತೆ ಬಡ್ಡಿ ಸುಮಾರು 9,960. ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳಿಗೆ ಮತ್ತೊಂದು ಬಡ್ಡಿ ಸುಮಾರು 7,890. ಎರಡೂ ಸೇರಿ ಹತ್ತಿರ ಹತ್ತಿರ 18,000 ರೂಪಾಯಿ. ಒಂದು ತಿಂಗಳ ತೆರಿಗೆಯಷ್ಟು ಹಣ ಸುಮ್ನೆ ಹೋಗುತ್ತದೆ. ವರ್ಷದ ನಡುವೆ ಗೊತ್ತಾದರೆ ಮುಂದಿನ ಕಂತಿನ ವರೆಗೆ ಕಾಯದೆ ಅವತ್ತೇ ಕಟ್ಟಿ.

ಹೆಜ್ಜೆ 7: ಪಂಚಾಯತಿನ ವೃತ್ತಿ ತೆರಿಗೆ

ಇದು ಸಣ್ಣ ಮೊತ್ತ, ಆದರೆ ಎಲ್ಲರೂ ಮರೆಯುತ್ತಾರೆ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ, ಕಂಪನಿ ಪ್ರತಿ ತಿಂಗಳೂ ಹಿಡಿಯುತ್ತದೆ. ಮಂಗಳೂರಿನಲ್ಲಿ ಕೆಲಸ ಮಾಡಿದವರಿಗೆ ಅದೇ ಅಭ್ಯಾಸ. ಕೇರಳದಲ್ಲಿ ಅದು ಗ್ರಾಮ ಪಂಚಾಯತಿಗೆ ಅಥವಾ ನಗರಸಭೆಗೆ, ಆರು ತಿಂಗಳಿಗೊಮ್ಮೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅರ್ಧ ವರ್ಷದ ಆದಾಯ 1,25,000 ದಾಟಿದರೆ 1,250 ರೂಪಾಯಿ. ವರ್ಷಕ್ಕೆ 2,500, ಅದಕ್ಕಿಂತ ಜಾಸ್ತಿ ಯಾವ ರಾಜ್ಯವೂ ಹಾಕುವಂತಿಲ್ಲ. ಹಿಡಿಯಲು ಇಲ್ಲಿ ಕಚೇರಿ ಇಲ್ಲದ ಕಾರಣ ನೀವೇ ಪಂಚಾಯತಿಗೆ ಹೋಗಿ ಅಥವಾ ಕೆ-ಸ್ಮಾರ್ಟ್ ತಾಣದಲ್ಲಿ ಕಟ್ಟಬೇಕು. ಹೊಸ ಪದ್ಧತಿಯಲ್ಲಿ ಇದನ್ನು ಆದಾಯದಿಂದ ಕಳೆಯಲು ಆಗುವುದಿಲ್ಲ.

ಹೆಜ್ಜೆ 8: ರಿಟರ್ನ್ ಸಲ್ಲಿಸಿ

ಆರ್‌ಎನ್‌ಒಆರ್ ಆದವರು ಐಟಿಆರ್-1 ಹಾಕುವಂತಿಲ್ಲ. ಐಟಿಆರ್-2 ಬೇಕು. ಕೊನೆಯ ದಿನ ಜುಲೈ 31.

ಮೊದಲು ತಾಣದ ಪ್ರೊಫೈಲ್‌ನಲ್ಲಿ ನೀವು ಇನ್ನೂ ಅನಿವಾಸಿ ಎಂದೇ ಇದ್ದೀರಾ ನೋಡಿ. ಇದ್ದರೆ ನಿವಾಸಿ ಎಂದು ಬದಲಾಯಿಸಿ. ರಿಟರ್ನಿನ ಮೊದಲ ಭಾಗದಲ್ಲಿ `Resident but not Ordinarily Resident` ಆರಿಸಿ, ಯಾವ ಕಾರಣಕ್ಕೆ ಎಂಬುದನ್ನೂ ಗುರುತಿಸಿ. ಭಾವನಿಗೆ 10ರಲ್ಲಿ 9 ವರ್ಷ ಅನಿವಾಸಿ ಎಂಬ ಕಾರಣ.

ಸಂಬಳ ಬರೆಯುವ `Schedule S`ನಲ್ಲಿ ಫಾರ್ಮ್ 16 ಇಲ್ಲದೆ ತುಂಬಬೇಕು ಎಂದು ಭಯ ಬೇಡ. ಕಂಪನಿಯ ಹೆಸರು, ದುಬೈಯ ವಿಳಾಸ ಬರೆಯಿರಿ. ಉದ್ಯೋಗದಾತರ ಬಗೆಯಲ್ಲಿ `Others`. ರಾಜ್ಯದ ಪಟ್ಟಿಯ ಕೊನೆಯಲ್ಲಿ ಭಾರತದ ಹೊರಗೆ ಎಂಬ ಆಯ್ಕೆ ಇದೆ. ಟಿಡಿಎಸ್ ಇಲ್ಲದ ಕಾರಣ ಟ್ಯಾನ್ ಜಾಗ ಖಾಲಿ ಬಿಡಬಹುದು. ಮೊತ್ತಕ್ಕೆ ನಿಮ್ಮ ಎಕ್ಸೆಲ್ ಹಾಳೆಯ ಕೊನೆಯ ಸಾಲು. ಕಟ್ಟಿದ ಕಂತುಗಳು `Schedule IT`ಯಲ್ಲಿ ಬಂದಿವೆಯೇ ನೋಡಿ. ನಾಲ್ಕು ಚಲನ್ ಇರಬೇಕು. ದರದ ಏರಿಳಿತದಿಂದ ಸ್ವಲ್ಪ ಕಡಿಮೆ ಬಿದ್ದಿದ್ದರೆ `Self-Assessment Tax (300)` ಆರಿಸಿ ಬಾಕಿ ಕಟ್ಟಿ, ಆಮೇಲೆ ಸಲ್ಲಿಸಿ. ಸಲ್ಲಿಸಿದ 30 ದಿನದ ಒಳಗೆ ಆಧಾರ್ ಒಟಿಪಿಯಿಂದ ದೃಢಪಡಿಸಬೇಕು. ಇಲ್ಲದಿದ್ದರೆ ಅದು ಸಲ್ಲಿಸಿದ ಹಾಗೇ ಅಲ್ಲ.

ಕಡತದಲ್ಲಿ ಇಡಬೇಕಾದ ಕಾಗದಗಳಲ್ಲಿ ಮುಖ್ಯವಾದದ್ದು ಕಂಪನಿಯ ಪತ್ರ. ಯಾವ ದಿನದಿಂದ, ಯಾವ ಊರಿನಿಂದ ಕೆಲಸ ಎಂದು ಅದರಲ್ಲಿ ಬರೆದಿರಬೇಕು. ಏಪ್ರಿಲ್ ಸಂಬಳ ಯಾಕೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ ಉತ್ತರ ಆ ಪತ್ರ ಮತ್ತು ಪಾಸ್‌ಪೋರ್ಟಿನ ಮುದ್ರೆ.

ಕಂಪನಿ ಅಲ್ಲೂ ತೆರಿಗೆ ಹಿಡಿದರೆ

ಯುಎಇಯಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಭಾವನಿಗೆ ಈ ತೊಡಕು ಬರಲಿಲ್ಲ. ಯುರೋಪಿನ ಕಂಪನಿಗಳಲ್ಲಿ ಬರುತ್ತದೆ. ನೀರ್ಚಾಲಿನ ಒಬ್ಬರು ಜರ್ಮನಿಯ ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತಾರೆ. ಮೂರು ತಿಂಗಳು ಅಲ್ಲಿನ ತೆರಿಗೆ ಹಿಡಿದೇ ಸಂಬಳ ಬಂದಿತ್ತು. "ಇಲ್ಲಿ ಅದನ್ನು ವಜಾ ಮಾಡಿಕೊಳ್ಳಬಹುದಲ್ಲ" ಎಂದು ಕೇಳಿದರು. ಇಲ್ಲ. ಭಾರತ ವಜಾ ಕೊಡುವುದು ಒಪ್ಪಂದದ ಪ್ರಕಾರ ಆ ದೇಶಕ್ಕೆ ಸಲ್ಲಬೇಕಾಗಿದ್ದ ತೆರಿಗೆಗೆ ಮಾತ್ರ. ಇಲ್ಲೇ ಕೂತು ಮಾಡಿದ ಕೆಲಸಕ್ಕೆ ಜರ್ಮನಿಗೆ ತೆರಿಗೆ ಸಲ್ಲಬೇಕಾಗಿಯೇ ಇರಲಿಲ್ಲ. ತಪ್ಪಾಗಿ ಹಿಡಿದದ್ದನ್ನು ಅಲ್ಲಿಂದಲೇ ವಾಪಸ್ ತರಿಸಬೇಕು, ಇಲ್ಲಿ ಪೂರ್ತಿ ಕಟ್ಟಬೇಕು.

ಅಲ್ಲಿ ಹಿಡಿಯುವುದನ್ನು ನಿಲ್ಲಿಸಲು ನೀವು ಭಾರತದ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರ ಕೇಳುತ್ತಾರೆ. 2025-26ಕ್ಕೆ ಅದಕ್ಕೆ ಅರ್ಜಿ ಫಾರ್ಮ್ 10ಎಫ್‌ಎಯಲ್ಲಿ, ಪ್ರಮಾಣಪತ್ರ ಬರುವುದು 10ಎಫ್‌ಬಿಯಲ್ಲಿ. ಪ್ಯಾನ್ ಯಾವ ಅಧಿಕಾರಿಯ ವ್ಯಾಪ್ತಿಯಲ್ಲಿದೆಯೋ ಅವರು ಕೊಡಬೇಕು. ಅನಿವಾಸಿಯಾಗಿದ್ದವರ ಪ್ಯಾನ್ ಅಂತಾರಾಷ್ಟ್ರೀಯ ತೆರಿಗೆ ವಿಭಾಗದಲ್ಲಿ ಇರಬಹುದು. ಮೊದಲೇ ಅದನ್ನು ಊರಿನ ವ್ಯಾಪ್ತಿಗೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಿ.

ಕಂಪನಿ "ಕನ್ಸಲ್ಟೆಂಟ್ ಆಗಿ" ಎಂದರೆ

ಕೆಲವು ಕಂಪನಿಗಳು ಹೀಗೆ ಕೇಳುತ್ತವೆ. ನೀವು ಇಲ್ಲಿ ಕೂತಿರುವುದರಿಂದ ತಮಗೇ ಭಾರತದಲ್ಲಿ ತೆರಿಗೆ ಬಿದ್ದೀತು ಎಂಬ ಹೆದರಿಕೆ ಅವಕ್ಕೆ ಇರುತ್ತದೆ. ಒಪ್ಪುವ ಮೊದಲು ಯೋಚಿಸಿ. ಆಗ ಅದು ಸಂಬಳ ಅಲ್ಲ, ವೃತ್ತಿ ಆದಾಯ. 75,000ದ ಕಡಿತ ಇಲ್ಲ, ಐಟಿಆರ್-2 ನಡೆಯುವುದಿಲ್ಲ, ವರ್ಷದ ಬಿಲ್ಲು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಇನ್ನೊಂದು ಕಡೆ, ಐಟಿ, ಎಂಜಿನಿಯರಿಂಗ್, ಲೆಕ್ಕಪತ್ರದಂಥ ಕೆಲವು ವೃತ್ತಿಗಳಿಗೆ ಬಂದ ಹಣದ ಅರ್ಧವನ್ನೇ ಲಾಭ ಎಂದು ತೋರಿಸುವ ಅವಕಾಶ ಇದೆ. ಆ ಅರ್ಧದ ಆಸೆಗೆ, ನೌಕರನಾಗಿದ್ದುಕೊಂಡೇ ಕನ್ಸಲ್ಟೆಂಟ್ ಎಂದು ರಿಟರ್ನ್ ಹಾಕುವವರನ್ನು ನೋಡಿದ್ದೇನೆ. ಪತ್ರದಲ್ಲಿ ರಜೆ, ಕೆಲಸದ ಹೊತ್ತು, ಮೇಲಧಿಕಾರಿ, ನೋಟಿಸ್ ಅವಧಿ ಎಲ್ಲ ಇದ್ದರೆ ಅದು ನೌಕರಿ. ಹೆಸರು ಬದಲಾಯಿಸಿದರೆ ಸಂಬಳ ವೃತ್ತಿ ಆದಾಯ ಆಗುವುದಿಲ್ಲ.

2027-28ಕ್ಕೆ ಬದಲಾಗುವುದು

ಭಾವನಿಗೆ ಒಂದು ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿದ್ದೇನೆ: 2027ರ ಏಪ್ರಿಲ್ 1. ಆ ವರ್ಷಕ್ಕೆ ಹಿಂದಿನ 10ರಲ್ಲಿ ಅನಿವಾಸಿಯಾಗಿದ್ದ ವರ್ಷ 8 ಮಾತ್ರ ಉಳಿಯುತ್ತದೆ. ಹಿಂದಿನ 7 ವರ್ಷಗಳ ದಿನ ಎಣಿಸಿದರೆ, ಊರಲ್ಲಿ ಕಳೆದ ಎರಡು ವರ್ಷದ 700 ದಿನ, ರಜೆಗೆ ಬಂದ ಸುಮಾರು 150 ದಿನ ಸೇರಿ 729 ದಾಟುತ್ತದೆ. ಅಲ್ಲಿಗೆ ಅವನು ಸಾಮಾನ್ಯ ನಿವಾಸಿ.

ಸಂಬಳದ ಲೆಕ್ಕ ಬದಲಾಗುವುದಿಲ್ಲ. ಆದರೆ ದುಬೈ ಠೇವಣಿಯ ಬಡ್ಡಿ ಇಲ್ಲಿ ತೆರಿಗೆಗೆ ಬರುತ್ತದೆ. ಅಲ್ಲಿನ ಬ್ಯಾಂಕ್ ಖಾತೆಯನ್ನು, ಕಂಪನಿ ಷೇರು ಕೊಟ್ಟಿದ್ದರೆ ಅದನ್ನೂ, ರಿಟರ್ನಿನ `Schedule FA`ಯಲ್ಲಿ ತೋರಿಸಬೇಕು. ಖಾತೆಯಲ್ಲಿ ಬಡ್ಡಿ ಬರದಿದ್ದರೂ ತೋರಿಸಬೇಕು. ಅಲ್ಲಿ ಲೆಕ್ಕ ಕೇಳುವುದು ಏಪ್ರಿಲ್‌ನಿಂದ ಅಲ್ಲ, ಜನವರಿಯಿಂದ ಡಿಸೆಂಬರ್. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಇದೆ. ಸ್ಥಿರಾಸ್ತಿ ಬಿಟ್ಟು ಉಳಿದದ್ದು ಒಟ್ಟು 20 ಲಕ್ಷ ಮೀರದಿದ್ದರೆ 2024ರ ಅಕ್ಟೋಬರ್‌ನಿಂದ ಈ ದಂಡಕ್ಕೆ ವಿನಾಯಿತಿ ಸಿಕ್ಕಿದೆ. ಭಾವನ ದುಬೈ ಖಾತೆಯಲ್ಲಿ ಅದಕ್ಕಿಂತ ಜಾಸ್ತಿ ಇದೆ. ಅಲ್ಲಿ ಇನ್ನೇನೂ ಕೆಲಸ ಇಲ್ಲದ ಖಾತೆಯನ್ನು 2026ರ ಡಿಸೆಂಬರ್ ಒಳಗೆ ಮುಚ್ಚಿ, ಹಣವನ್ನು ಆರ್‌ಎಫ್‌ಸಿ ಖಾತೆಗೆ ತರಿಸಿಕೊಳ್ಳುವುದೆಂದು ಅವನು ತೀರ್ಮಾನಿಸಿದ್ದಾನೆ.